x = 1 ಹಾಕಬಹುದಾ? ಘಾತ ಸರಣಿಯ ತುದಿಯಲ್ಲಿ ಏನಾಗುತ್ತದೆ

ಪ್ರಶ್ನೆ: ಸರ್, ನಾನು ಬಿಎಸ್ಸಿ ಎರಡನೇ ವರ್ಷ. 1/(1+x) ಅನ್ನು ಇಂಟಿಗ್ರೇಟ್ ಮಾಡಿ ln(1+x) ನ ಸರಣಿ ತೆಗೆದರು. |x| < 1 ಇದ್ದಾಗ ಮಾತ್ರ ಸರಿ ಅಂತಲೂ ಹೇಳಿದರು. ಆಮೇಲೆ ತಕ್ಷಣ x = 1 ಹಾಕಿ ln 2 = 1 − 1/2 + 1/3 − 1/4 + … ಅಂತ ಬರೆದರು. ಕೇಳಿದ್ದಕ್ಕೆ "ಅಲ್ಲಿ ಸರಣಿ ಕನ್ವರ್ಜ್ ಆಗುತ್ತಲ್ಲ" ಅಂದರು. ಕನ್ವರ್ಜ್ ಆಗುತ್ತೆ, ಒಪ್ಪಿದೆ. ಆದರೆ ಅದು ln 2 ಗೇ ಆಗಬೇಕು ಅಂತ ಏನು ಗ್ಯಾರಂಟಿ? ಬೇರೆ ಯಾವುದೋ ಸಂಖ್ಯೆಗೆ ಆಗಬಾರದಾ?

ಉತ್ತರ: ಗ್ಯಾರಂಟಿ ಇದೆ. ಆದರೆ ಅದು ತಾನಾಗಿ ಬರುವುದಲ್ಲ, ಅದಕ್ಕೊಂದು ಪ್ರಮೇಯ ಬೇಕು. ಹೆಸರು ಏಬೆಲ್ ಪ್ರಮೇಯ. ನಿಮ್ಮ ಮೇಷ್ಟ್ರು ಹೇಳಿದ್ದು ತಪ್ಪಲ್ಲ, ಆ ಒಂದು ವಾಕ್ಯದೊಳಗೆ ಇಡೀ ಪ್ರಮೇಯ ಅಡಗಿ ಕೂತಿದೆ ಅಷ್ಟೇ. ಅದು ಹೇಳುವುದು ಇಷ್ಟು: f(x) = a₀ + a₁x + a₂x² + … ಅನ್ನುವ ಘಾತ ಸರಣಿ |x| < 1 ಇದ್ದಾಗ ಕನ್ವರ್ಜ್ ಆಗುತ್ತದೆ ಅಂದುಕೊಳ್ಳಿ. x = 1 ರಲ್ಲೂ, ಅಂದರೆ a₀ + a₁ + a₂ + … ಕೂಡ ಒಂದು ಸಂಖ್ಯೆ s ಗೆ ಕನ್ವರ್ಜ್ ಆದರೆ, x ಎಡಗಡೆಯಿಂದ 1 ರ ಹತ್ತಿರ ಬಂದಾಗ f(x) ನ ಲಿಮಿಟ್ ಇದ್ದೇ ಇರುತ್ತದೆ, ಮತ್ತು ಅದು s ಗೇ ಸಮ. ಬೇರೆ ಸಂಖ್ಯೆಗೆ ಹೋಗಲು ದಾರಿಯೇ ಇಲ್ಲ.

ನಿಮ್ಮ ಅನುಮಾನ ಮಾತ್ರ ಪೂರ್ತಿ ನ್ಯಾಯವಾದದ್ದು. ಘಾತ ಸರಣಿ ಅಲ್ಲದ ಕಡೆ ನೀವು ಹೆದರಿದ್ದೇ ನಡೆಯುತ್ತದೆ. ಈ ಸರಣಿ ನೋಡಿ:

(1−x) + (1−x)x + (1−x)x² + (1−x)x³ + …

0 ≤ x < 1 ಇದ್ದಾಗ ಇದು ಗುಣೋತ್ತರ ಸರಣಿ, ಮೊತ್ತ ಸರಿಯಾಗಿ 1. x = 1 ರಲ್ಲಿ ಪ್ರತಿ ಪದವೂ 0, ಹಾಗಾಗಿ ಮೊತ್ತ 0. ತುದಿಯಲ್ಲಿ ಕನ್ವರ್ಜ್ ಆಯಿತು, ಆದರೆ ಬೇರೆ ಸಂಖ್ಯೆಗೆ ಆಯಿತು. ಪ್ರತಿ ಪದವೂ ನುಣುಪಾದ ಪಾಲಿನಾಮಿಯಲ್, ಆದರೂ ಮೊತ್ತ 1 ರಿಂದ 0 ಗೆ ಧೊಪ್ಪನೆ ಬೀಳುತ್ತದೆ. ಅಂದರೆ "ತುದಿಯಲ್ಲಿ ಕನ್ವರ್ಜ್ ಆಗುತ್ತೆ" ಅನ್ನುವ ಒಂದೇ ಮಾತು ಎಲ್ಲ ಥರದ ಸರಣಿಗೂ ಸಾಲುವುದಿಲ್ಲ. 1821 ರಲ್ಲಿ ಕೋಶಿಯಂಥವರೇ, ಕಂಟಿನ್ಯೂಯಸ್ ಫಂಕ್ಷನ್‌ಗಳ ಸರಣಿ ಕನ್ವರ್ಜ್ ಆದರೆ ಮೊತ್ತವೂ ಕಂಟಿನ್ಯೂಯಸ್ ಅಂತ ಬರೆದಿದ್ದರು. ಅದಕ್ಕೆ ಅಪವಾದ ಇದೆ ಅಂತ ತೋರಿಸಿದವನು ನಾರ್ವೆಯ ಏಬೆಲ್, 1826 ರಲ್ಲಿ, ದ್ವಿಪದ ಸರಣಿಯ ಬಗ್ಗೆ ಬರೆದ ಲೇಖನದಲ್ಲಿ. ಘಾತ ಸರಣಿಗೆ ಮಾತ್ರ ಈ ಕಾಟ ಇಲ್ಲ ಅನ್ನುವ ಪ್ರಮೇಯವೂ ಅದೇ ಲೇಖನದಲ್ಲಿದೆ. ಆಗ ಅವನಿಗೆ ಇಪ್ಪತ್ತೈದು ಕೂಡ ತುಂಬಿರಲಿಲ್ಲ.

ಹಾಗಾದರೆ ಘಾತ ಸರಣಿಯಲ್ಲಿ ಅಂಥದ್ದೇನಿದೆ? ಇದನ್ನು ನೋಡಲು ನನಗೆ ಇಷ್ಟವಾದ ದಾರಿ ಸರಾಸರಿಯ ದಾರಿ. ಪುಸ್ತಕಗಳಲ್ಲಿ ಎಪ್ಸಿಲಾನ್‌ಗಳ ನಡುವೆ ಇದು ಮುಳುಗಿಹೋಗಿರುತ್ತದೆ.

ಭಾಗಶಃ ಮೊತ್ತಗಳನ್ನು sₙ = a₀ + a₁ + … + aₙ ಅಂತ ಕರೆಯೋಣ. ಈಗ f(x) ಅನ್ನು 1 + x + x² + … ಜೊತೆ ಗುಣಿಸಿ. |x| < 1 ಇರುವುದರಿಂದ ಎರಡೂ ಅಬ್ಸಲ್ಯೂಟ್ ಆಗಿ ಕನ್ವರ್ಜ್ ಆಗುತ್ತವೆ, ಪದಕ್ಕೆ ಪದ ಗುಣಿಸಿ ಜೋಡಿಸಲು ಅಡ್ಡಿ ಇಲ್ಲ. xⁿ ನ ಸಹಗುಣಕ ಏನು ಬರುತ್ತದೆ? a₀ ಇಂದ aₙ ವರೆಗಿನ ಎಲ್ಲವೂ ಒಂದೊಂದು ಸಲ ಬರುತ್ತವೆ, ಅಂದರೆ sₙ. 1 + x + x² + … ಅಂದರೆ 1/(1−x) ತಾನೇ, ಅದನ್ನು ಆಚೆ ಕಡೆ ದಾಟಿಸಿದರೆ:

f(x) = (1−x)·(s₀ + s₁x + s₂x² + s₃x³ + …)

ಈ ಸಾಲನ್ನು ಸ್ವಲ್ಪ ಹೊತ್ತು ನೋಡಿ. ನಮಗೆ ಬೇಕಾದದ್ದು x ಎಡಗಡೆಯಿಂದ 1 ರ ಹತ್ತಿರ ಬರುವುದು, ಹಾಗಾಗಿ ಇನ್ನು ಮುಂದೆ 0 < x < 1 ಅಂದುಕೊಳ್ಳಿ. ಆಗ (1−x), (1−x)x, (1−x)x² … ಇವೆಲ್ಲ ಪಾಸಿಟಿವ್ ಸಂಖ್ಯೆಗಳು, ಮತ್ತು ಎಲ್ಲ ಕೂಡಿಸಿದರೆ 1. ಈಗಷ್ಟೇ ಮೇಲೆ ನಮ್ಮನ್ನು ಹೆದರಿಸಿದ ಸರಣಿ ಇದೇ. ಅಂದರೆ f(x) ಅನ್ನುವುದು ಬೇರೇನಲ್ಲ, s₀, s₁, s₂, … ಇವುಗಳ ಒಂದು ಸರಾಸರಿ. sₙ ಗೆ ಸಿಗುವ ತೂಕ (1−x)xⁿ.

ಆ ತೂಕ ಎಲ್ಲಿ ಕೂತಿರುತ್ತದೆ? ಮೊದಲ ಹತ್ತು ಭಾಗಶಃ ಮೊತ್ತಗಳಿಗೆ ಸಿಗುವ ಒಟ್ಟು ತೂಕ 1 − x¹⁰. x = 0.9 ಇದ್ದಾಗ ಅದು ಸುಮಾರು 0.65, ಅಂದರೆ ಸರಾಸರಿಯ ಅರ್ಧಕ್ಕಿಂತ ಜಾಸ್ತಿ ಭಾಗ ಮೊದಲ ಹತ್ತರ ಕೈಯಲ್ಲಿದೆ. x = 0.99 ಆದಾಗ ಸುಮಾರು 0.096. x = 0.999 ಆದಾಗ 0.01 ಕ್ಕಿಂತ ಚೂರು ಕಡಿಮೆ. ಹತ್ತರ ಬದಲು ಸಾವಿರ ತೆಗೆದುಕೊಂಡರೂ ಕಥೆ ಇದೇ, x ಇನ್ನೂ ಸ್ವಲ್ಪ 1 ರ ಹತ್ತಿರ ಬರಬೇಕು ಅಷ್ಟೇ. x ತುದಿಗೆ ಹತ್ತಿರವಾದಷ್ಟೂ ತೂಕವೆಲ್ಲ ದೂರದ sₙ ಗಳ ಕಡೆ ಜಾರಿಕೊಂಡು ಹೋಗುತ್ತದೆ. ಆ ದೂರದ sₙ ಗಳೆಲ್ಲ s ನ ಪಕ್ಕದಲ್ಲೇ ಇವೆ, ಯಾಕೆಂದರೆ ಸರಣಿ s ಗೆ ಕನ್ವರ್ಜ್ ಆಗುತ್ತದೆ ಅಂತ ನಾವೇ ಒಪ್ಪಿಕೊಂಡಿದ್ದೇವೆ. ಹಾಗಿದ್ದ ಮೇಲೆ ಸರಾಸರಿ s ಗೆ ಬರದೆ ಇನ್ನೆಲ್ಲಿಗೆ ಹೋಗುತ್ತದೆ?

ಇದನ್ನು ಕರಾರುವಾಕ್ಕಾಗಿ ಬರೆಯಲು ಹೆಚ್ಚೇನೂ ಬೇಕಿಲ್ಲ. ತೂಕಗಳ ಮೊತ್ತ 1 ಆದ್ದರಿಂದ

f(x) − s = (1−x)·[(s₀−s) + (s₁−s)x + (s₂−s)x² + …]

ಒಂದು ε ಕೊಟ್ಟರೆ, N ನಂತರದ ಎಲ್ಲ n ಗೂ |sₙ − s| < ε ಆಗುವಂಥ N ಸಿಗುತ್ತದೆ. ಬಾಲದ ಭಾಗ, ಅಂದರೆ N ನಂತರದ್ದು, ಎಷ್ಟೇ ಉದ್ದ ಇದ್ದರೂ ಅದರ ಒಟ್ಟು ತೂಕ 1 ದಾಟುವುದಿಲ್ಲ, ಹಾಗಾಗಿ ಅದು ε ಒಳಗೇ ಇರುತ್ತದೆ. ಇದು ಎಲ್ಲ x ಗೂ ನಿಜ, x ಎಷ್ಟೇ 1 ರ ಹತ್ತಿರ ಇದ್ದರೂ. ತಲೆಯ ಭಾಗದಲ್ಲಿ ಇರುವುದು ಕೈಯಲ್ಲಿ ಎಣಿಸಬಹುದಾದಷ್ಟು ಪದಗಳು, ಅವುಗಳ ಮುಂದೆ (1−x) ಇದೆ, x → 1 ಆದಾಗ ಅದು 0 ಆಗುತ್ತದೆ. ಮುಗಿಯಿತು. ಏಬೆಲ್ ಬಳಸಿದ್ದು ಇದರ ಬೆನ್ನಿಗೇ ಇರುವ ಲೆಕ್ಕ, "ಪಾರ್ಟ್ಸ್‌ನಲ್ಲಿ ಇಂಟಿಗ್ರೇಷನ್" ಗೆ ಸರಣಿ ಲೋಕದ ತಮ್ಮ.

ನಿಮ್ಮ ಸರಣಿಯಲ್ಲೇ ನೋಡಿಬಿಡಿ. ಭಾಗಶಃ ಮೊತ್ತಗಳು 1, 0.5, 0.8333, 0.5833, … ಹೀಗೆ ಮೇಲೆ ಕೆಳಗೆ ಕುಣಿಯುತ್ತವೆ. ಒಂಬತ್ತು ಪದ ಆದಾಗ 0.7456, ಹತ್ತು ಆದಾಗ 0.6456. ಸರಾಸರಿ ಮಾತ್ರ ಗಂಭೀರವಾಗಿ ಏರುತ್ತದೆ: x = 0.9 ರಲ್ಲಿ ln 1.9 = 0.6419, 0.99 ರಲ್ಲಿ 0.6881, 0.999 ರಲ್ಲಿ 0.6926. ಇದು ಹೋಗುತ್ತಿರುವುದು ln 2 ಗೆ, ಯಾಕೆಂದರೆ ln(1+x) ಗೆ x = 1 ರಲ್ಲಿ ಯಾವ ತೊಂದರೆಯೂ ಇಲ್ಲ, ಕಂಟಿನ್ಯೂಯಸ್. ಅತ್ತ ಲೈಬ್ನಿಟ್ಸ್ ಟೆಸ್ಟ್ ಪ್ರಕಾರ ಸರಣಿ ಕನ್ವರ್ಜ್ ಆಗುತ್ತದೆ. ಏಬೆಲ್ ಎರಡನ್ನೂ ಗಂಟು ಹಾಕುತ್ತಾನೆ. ಉತ್ತರ ಪತ್ರಿಕೆಯಲ್ಲಿ ಈ ಮೂರೂ ಮಾತು ಬರೆಯಿರಿ. ನಾನು ಪೇಪರ್ ನೋಡುವಾಗ ಬಹಳ ಜನ ಮಧ್ಯದ ಟೆಸ್ಟ್ ಬರೆದು, "ಆದ್ದರಿಂದ x = 1 ಹಾಕಿದರೆ" ಅಂತ ಹಾರಿಬಿಡುತ್ತಾರೆ. ಹಾರುವ ಜಾಗದಲ್ಲಿಯೇ ಪ್ರಮೇಯ ಇರುವುದು.

ಈಗ ಒಂದು ಬೋನು. ಇದರಲ್ಲಿ ಸಿಕ್ಕಿಬಿದ್ದವರನ್ನು ಜಾಸ್ತಿ ನೋಡಿದ್ದೇನೆ, ಒಂದು ಕಾಲದಲ್ಲಿ ನಾನೂ ಬಿದ್ದಿದ್ದೆ. ln(1+x) ನ ಪದಗಳನ್ನು ಬೇರೆ ಕ್ರಮದಲ್ಲಿ ಬರೆಯೋಣ, ಎರಡು ಕೂಡಿಸಿ ಒಂದು ಕಳೆಯುವ ಹಾಗೆ:

x + x³/3 − x²/2 + x⁵/5 + x⁷/7 − x⁴/4 + …

|x| < 1 ಇದ್ದಾಗ ಅಬ್ಸಲ್ಯೂಟ್ ಕನ್ವರ್ಜೆನ್ಸ್ ಇದೆ, ಕ್ರಮ ಬದಲಾಯಿಸಿದರೂ ಮೊತ್ತ ln(1+x) ಆಗಿಯೇ ಇರುತ್ತದೆ. x → 1 ಆದಾಗ ಲಿಮಿಟ್ ln 2, ಸುಮಾರು 0.6931. x = 1 ಹಾಕಿ: 1 + 1/3 − 1/2 + 1/5 + 1/7 − 1/4 + … ಇದೂ ಕನ್ವರ್ಜ್ ಆಗುತ್ತದೆ. ಆದರೆ ಮೂರು ಪದಕ್ಕೇ 0.8333, ಆರು ಪದಕ್ಕೆ 0.9262, ಕೊನೆಗೆ ನಿಲ್ಲುವುದು (3/2)·ln 2 ರಲ್ಲಿ, ಅಂದರೆ ಸುಮಾರು 1.0397. ಏಬೆಲ್ ಕೈಕೊಟ್ಟನಾ?

ಇಲ್ಲ. ಇದು ನೋಡಲು ಘಾತ ಸರಣಿಯ ಹಾಗಿದೆ, ಆದರೆ ಘಾತಗಳು ಏರುವ ಕ್ರಮದಲ್ಲಿ ಇಲ್ಲ. ನಮ್ಮ ಪ್ರೂಫ್‌ನಲ್ಲಿ sₙ ಅಂದರೆ xⁿ ವರೆಗಿನ ಸಹಗುಣಕಗಳ ಮೊತ್ತ, ಅದೇ ಕ್ರಮದಲ್ಲಿ. ಇಲ್ಲಿ x = 1 ರಲ್ಲಿ ನೀವು ಕೂಡಿಸುತ್ತಿರುವ ಭಾಗಶಃ ಮೊತ್ತಗಳು ಆ sₙ ಗಳೇ ಅಲ್ಲ. ಏಬೆಲ್ ಆ ಸರಣಿಯ ಬಗ್ಗೆ ಮಾತೇ ಆಡಿಲ್ಲ. ಹಾಗಾಗಿ ಪ್ರಮೇಯ ಹಚ್ಚುವ ಮೊದಲು ಒಂದೇ ಒಂದು ಸಲ ಘಾತಗಳ ಕ್ರಮ ನೋಡಿಕೊಳ್ಳಿ. ಅಬ್ಸಲ್ಯೂಟ್ ಅಲ್ಲದ ಸರಣಿಯಲ್ಲಿ ಕ್ರಮ ಅನ್ನುವುದೇ ಅರ್ಧ ಮಾಹಿತಿ.

ಇನ್ನೊಂದು ಮಾತು, "ಎಡಗಡೆಯಿಂದ" ಅನ್ನುವ ಪದವನ್ನು ನುಂಗಬೇಡಿ. arctan(2x/(1−x²)) ತೆಗೆದುಕೊಳ್ಳಿ. |x| < 1 ಇದ್ದಾಗ ಇದು 2·arctan x ಗೆ ಸಮ, ಸರಣಿ 2(x − x³/3 + x⁵/5 − …). x = 1 ರಲ್ಲಿ ಸರಣಿ ಕನ್ವರ್ಜ್ ಆಗುತ್ತದೆ. ಆದರೆ ಮೂಲ ಫಂಕ್ಷನ್ ಅಲ್ಲಿ ಇಲ್ಲವೇ ಇಲ್ಲ, ಛೇದ 0. ಎಡಗಡೆಯಿಂದ ಬಂದರೆ ಲಿಮಿಟ್ π/2. 1 ದಾಟಿ ಬಲಗಡೆಯಿಂದ ಬಂದರೆ ಛೇದ ನೆಗೆಟಿವ್, ಲಿಮಿಟ್ −π/2. ಸರಣಿ ಯಾರ ಪಕ್ಷ? ಎಡಗಡೆಯದು: 2(1 − 1/3 + 1/5 − …) = π/2. ಎರಡರಿಂದ ಭಾಗಿಸಿದರೆ π/4 ನ ಆ ಹಳೆಯ ಸರಣಿ, ಕೇರಳದ ಮಾಧವನ ಹೆಸರಿನಲ್ಲಿರುವುದು. ಏಬೆಲ್ ಫಂಕ್ಷನ್‌ನ ಬೆಲೆಯ ಬಗ್ಗೆ ಏನೂ ಹೇಳುವುದಿಲ್ಲ, ಸರಣಿ ಬದುಕಿರುವ ಕಡೆಯಿಂದ ಬಂದ ಲಿಮಿಟ್ ಬಗ್ಗೆ ಮಾತ್ರ ಹೇಳುತ್ತಾನೆ. ಫಂಕ್ಷನ್ ಅಲ್ಲಿ ಕಂಟಿನ್ಯೂಯಸ್ ಅನ್ನುವುದು ನಿಮ್ಮ ಕೆಲಸ. (ತುದಿ 1 ರ ಬದಲು R ಇದ್ದರೆ x = Rt ಅಂತ, −R ಇದ್ದರೆ x = −Rt ಅಂತ ಹಾಕಿಕೊಳ್ಳಿ, ಹೊಸದೇನೂ ಇಲ್ಲ.)

ಉಲ್ಟಾ ನಡೆಯುತ್ತದಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಲಿಮಿಟ್ ಇದೆ, ಹಾಗಾಗಿ ಸರಣಿ ಕನ್ವರ್ಜ್ ಆಗಬೇಕು ಅಲ್ವಾ? ಆಗಬೇಕಿಲ್ಲ. 1 − x + x² − x³ + … = 1/(1+x), ತುದಿಯಲ್ಲಿ ಲಿಮಿಟ್ 1/2. ಸರಣಿ 1 − 1 + 1 − 1 + …, ಭಾಗಶಃ ಮೊತ್ತಗಳು 1, 0, 1, 0. ಎಲ್ಲೂ ನಿಲ್ಲುವುದಿಲ್ಲ, ಆದರೆ ಅವುಗಳ ಸರಾಸರಿ 1/2 ಗೆ ಹೋಗುತ್ತದೆ. ಸರಾಸರಿ ನೆಟ್ಟಗಿದೆ ಅಂದ ಮಾತ್ರಕ್ಕೆ ಸಂಖ್ಯೆಗಳು ನೆಟ್ಟಗಿವೆ ಅಂತಲ್ಲವಲ್ಲ. ವಾಪಸ್ ಬರಬೇಕಾದರೆ aₙ ಮೇಲೆ ಒಂದು ಹಗ್ಗ ಬೇಕು. n·aₙ → 0 ಇದ್ದರೆ ಸಾಕು ಅಂತ ಟೌಬರ್ 1897 ರಲ್ಲಿ ತೋರಿಸಿದ. n·aₙ ಒಂದು ಮಿತಿಯೊಳಗೆ ಇದ್ದರೂ ಸಾಕು ಅಂತ ಲಿಟಲ್‌ವುಡ್ 1911 ರಲ್ಲಿ ತೋರಿಸಿದ, ಅದು ಎಷ್ಟೋ ಪಟ್ಟು ಕಷ್ಟದ ಪ್ರಮೇಯ. ನಿಮ್ಮ ln 2 ಸರಣಿಯಲ್ಲಿ n·aₙ ಅಂದರೆ ±1, ಟೌಬರ್ ಕೈಗೆ ಸಿಗುವುದಿಲ್ಲ, ಲಿಟಲ್‌ವುಡ್ ಕೈಗೆ ಸಿಗುತ್ತದೆ.

ಇಷ್ಟೆಲ್ಲ ಹೇಳಿ ಒಂದು ಗುಟ್ಟು ಮುಚ್ಚಿಟ್ಟರೆ ತಪ್ಪಾಗುತ್ತದೆ: ln 2 ಗೆ ಏಬೆಲ್ ಬೇಕಾಗಿಯೇ ಇಲ್ಲ. 1/(1+t) ಅನ್ನು ಅನಂತ ಸರಣಿಯಾಗಿ ಬಿಡಿಸದೆ n ಪದಕ್ಕೆ ನಿಲ್ಲಿಸಿ, ಉಳಿದದ್ದನ್ನು ಇಟ್ಟುಕೊಳ್ಳಿ. ಉಳಿಕೆ ±tⁿ/(1+t). ಅದನ್ನು 0 ಇಂದ 1 ವರೆಗೆ ಇಂಟಿಗ್ರೇಟ್ ಮಾಡಿದರೆ 1/(n+1) ಕ್ಕಿಂತ ಜಾಸ್ತಿ ಆಗುವುದಿಲ್ಲ. n ದೊಡ್ಡದಾದರೆ ಉಳಿಕೆ ಮಾಯ. π/4 ಗೂ ಇದೇ ಉಪಾಯ. ಹಾಗಾದರೆ ಏಬೆಲ್ ನಿಜವಾಗಿ ಕೆಲಸಕ್ಕೆ ಬರುವುದು ಎಲ್ಲಿ? ಉಳಿಕೆ ಕೈಗೆ ಸಿಗದ ಕಡೆ. ಒಂದನ್ನು ಪೂರ್ತಿ ಮಾಡೋಣ.

ln 2 ನ ಸರಣಿಯನ್ನು ಅದರಿಂದಲೇ ಗುಣಿಸಬೇಕು ಅಂದುಕೊಳ್ಳಿ, ಪಾಲಿನಾಮಿಯಲ್ ಗುಣಿಸುವ ಹಾಗೆ, ಘಾತಗಳನ್ನು ಕೂಡಿಸಿ. ಬರುವ ಸರಣಿಯ ಮೊತ್ತ (ln 2)² ಆಗುತ್ತದಾ? ಸಾಮಾನ್ಯವಾಗಿ ಹೇಳುವ ನಿಯಮಕ್ಕೆ ಎರಡರಲ್ಲಿ ಒಂದಾದರೂ ಅಬ್ಸಲ್ಯೂಟ್ ಆಗಿ ಕನ್ವರ್ಜ್ ಆಗಬೇಕು. ಇಲ್ಲಿ ಎರಡೂ ಆಗುವುದಿಲ್ಲ. ನಿಯಮ ಕೈಚೆಲ್ಲಿತು. ಏಬೆಲ್ ದಾರಿ ಹಿಡಿಯಿರಿ. |x| < 1 ಒಳಗೆ (ln(1+x))² ನ xⁿ ಸಹಗುಣಕ ಲೆಕ್ಕ ಹಾಕಿ. 1/(k(n−k)) ಗಳನ್ನು k = 1 ಇಂದ n−1 ವರೆಗೆ ಕೂಡಿಸಬೇಕು. ಪ್ರತಿಯೊಂದನ್ನೂ (1/n)(1/k + 1/(n−k)) ಅಂತ ಒಡೆದರೆ, ಸಿಗುವುದು

cₙ = (−1)ⁿ · 2Hₙ₋₁/n

ಇಲ್ಲಿ Hₙ₋₁ = 1 + 1/2 + … + 1/(n−1). n = 2 ಇಂದ ಶುರು ಮಾಡಿದರೆ ಸರಣಿ 1 − 1 + 11/12 − 5/6 + 137/180 − … ಚಿಹ್ನೆ ಅದಲು ಬದಲಾಗುತ್ತದೆ. ಗಾತ್ರ ಏರುವುದಿಲ್ಲ (Hₙ₋₁ ≥ 1 ಅನ್ನುವುದಷ್ಟೇ ಇದಕ್ಕೆ ಬೇಕು, ನೀವೇ ಒಂದು ಸಾಲಿನಲ್ಲಿ ಮಾಡಿ). Hₙ₋₁ ಬೆಳೆಯುವುದು ln n ನಷ್ಟು ನಿಧಾನವಾಗಿ, ಹಾಗಾಗಿ n ನಿಂದ ಭಾಗಿಸಿದರೆ 0 ಗೆ ಹೋಗುತ್ತದೆ. ಲೈಬ್ನಿಟ್ಸ್ ಟೆಸ್ಟ್ ಪಾಸ್, ತುದಿಯಲ್ಲಿ ಸರಣಿ ಕನ್ವರ್ಜ್ ಆಯಿತು. ಅಷ್ಟಾದ ಮೇಲೆ ಮೊತ್ತಕ್ಕೆ ಆಯ್ಕೆಯೇ ಉಳಿದಿಲ್ಲ, ಅದು (ln(1+x))² ನ ಎಡ ಲಿಮಿಟ್, ಅಂದರೆ (ln 2)², ಸುಮಾರು 0.4805.

ಸಂಖ್ಯೆಯಲ್ಲಿ ತಾಳೆ ನೋಡಿ. ಭಾಗಶಃ ಮೊತ್ತಗಳು 1, 0, 0.9167, 0.0833, 0.8444. ಭಯಂಕರ ಕುಣಿತ. ಆದರೆ ಪಕ್ಕಪಕ್ಕದ ಎರಡರ ಸರಾಸರಿ ತೆಗೆದರೆ 0.5, 0.4583, 0.5, 0.4639. 0.48 ರ ಸುತ್ತಲೇ ಇದೆ.

ಇದೇ ಆಟವನ್ನು 1 − 1/√2 + 1/√3 − 1/√4 + … ಮೇಲೆ ಆಡಿದರೆ ಏನಾಗುತ್ತದೆ ಅನ್ನುವುದು ಕೋಶಿಯ ಹಳೆಯ ಉದಾಹರಣೆ. ಇದೂ ಕನ್ವರ್ಜ್ ಆಗುತ್ತದೆ. ಆದರೆ ಇದರಿಂದಲೇ ಗುಣಿಸಿದಾಗ n+1 ನೇ ಪದದ ಗಾತ್ರ 2(n+1)/(n+2) ಕ್ಕಿಂತ ಕಡಿಮೆ ಇರುವುದಿಲ್ಲ, ಅಂದರೆ ಯಾವತ್ತೂ 1 ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪದಗಳೇ 0 ಗೆ ಹೋಗದಿದ್ದರೆ ಕನ್ವರ್ಜೆನ್ಸ್ ಮಾತೇ ಇಲ್ಲ. ಮಜಾ ಅಂದರೆ, x → 1 ಆದಾಗ ಗುಣಲಬ್ಧದ ಲಿಮಿಟ್ ಮಾತ್ರ ಆಗಲೂ ಇದ್ದೇ ಇರುತ್ತದೆ, ಮೂಲ ಸರಣಿಯ ಮೊತ್ತದ ವರ್ಗ. ಫಂಕ್ಷನ್ ಸರಿಯಾದ ಜಾಗಕ್ಕೆ ಬಂದು ನಿಂತಿದೆ, ಸರಣಿ ಬಂದಿಲ್ಲ.